ಟೇಕ್ ಜೋಡಿಸಿದಾಗ ದನಿ ಜಂಪ್ ಆಗ್ತಿತ್ತು, ಹೀಗೆ ಸರಿ ಮಾಡ್ದೆ

ವಿಡಿಯೋಗೆ ಅಂತ ಆರು ನಿಮಿಷದ ಮಾತನ್ನ ಚಿಕ್ಕ ಚಿಕ್ಕ ಟೇಕಲ್ಲಿ ರೆಕಾರ್ಡ್ ಮಾಡಿ ಎಡಿಟಿಂಗಲ್ಲಿ ಜೋಡಿಸಿ ನೋಡಿದ್ರೆ, ಪ್ರತಿ ಕಟ್ ಆದ್ಮೇಲೂ ಹೊಸದಾಗಿ ನಮಸ್ಕಾರ ಹೇಳೋ ಥರ ದನಿ ಮೇಲಕ್ಕೆ ಹಾರ್ತಿತ್ತು. ಮೊದ್ಲು ಮೈಕ್ ಮೇಲೆ ಅನುಮಾನ ಪಟ್ಟೆ, ಪಾಪ ಅದರದ್ದೇನೂ ತಪ್ಪಿರ್ಲಿಲ್ಲ. ತಪ್ಪು ಸ್ಕ್ರಿಪ್ಟಲ್ಲಿತ್ತು, "ಅದಕ್ಕೇ ನೋಡಿ" ಅಂತ ಶುರುವಾಗೋ ಸಾಲನ್ನ ಹಿಂದಿನ ಮಾತಿನ ಓಘ ಇಲ್ದೆ ಸುಮ್ನೆ ಹೇಳಕ್ಕಾಗಲ್ಲ.

ಈಗ ಪ್ರತಿ ಟೇಕಿನ ತಲೆಗೆ ಹಿಂದಿನ ಟೇಕಿನ ಕೊನೇ ಸಾಲನ್ನೇ ಮತ್ತೆ ಬರ್ಕೊಂಡಿದೀನಿ, ಅದನ್ನ ಹೇಳ್ಕೊಂಡೇ ಹೊಸ ಸಾಲಿಗೆ ಹೋಗ್ತೀನಿ, ಆಮೇಲೆ ಎಡಿಟಿಂಗಲ್ಲಿ ರಿಪೀಟ್ ಆದ ಭಾಗ ಕತ್ತರಿಸ್ತೀನಿ. ಜೋಕ್ ಆದ್ಮೇಲೆ ನಗುಗೆ ಅಂತ ಬಿಟ್ಟಿದ್ದ ಗ್ಯಾಪೂ ತೆಗ್ದೆ, ಎದುರಿಗೆ ನಗೋರೇ ಇಲ್ವಲ್ಲ, ವಿಡಿಯೋ ಹ್ಯಾಂಗ್ ಆದಂಗೆ ಕಾಣ್ತಿತ್ತು. ಆದ್ರೆ ಊಟದ ಬ್ರೇಕ್ ಆದ್ಮೇಲೆ ತೆಗೆದ ಟೇಕ್ ಮಾತ್ರ ಇಷ್ಟು ಮಾಡಿದ್ರೂ ಹೊಂದ್ಲಿಲ್ಲ, ದನಿನೇ ಬೇರೆ ಆಗಿತ್ತು, ಆ ಭಾಗ ಪೂರ್ತಿ ಮತ್ತೆ ತೆಗೀಬೇಕಾಯ್ತು.