ಪಾಸ್‌ಪೋರ್ಟಿಗೆ ಬೋನಫೈಡ್: ಹಾಸ್ಟೆಲ್ ವಿಳಾಸ ಬರೆಸಿಕೊಂಡ ಬಗೆ

ನನ್ನ ಆಧಾರ್‌ನಲ್ಲಿ ಇರುವುದು ಲಿಂಗಸುಗೂರು ತಾಲೂಕಿನ ನಮ್ಮೂರಿನ ವಿಳಾಸ. ಎಂ.ಎಸ್ಸಿ ಓದುತ್ತಿರುವುದು ಬಳ್ಳಾರಿಯಲ್ಲಿ. ಪಾಸ್‌ಪೋರ್ಟ್ ಮಾಡಿಸುವಾಗ ಊರಿನ ವಿಳಾಸವನ್ನೇ ಕೊಟ್ಟಿದ್ದರೆ ಯಾವ ಪತ್ರವೂ ಬೇಕಿರಲಿಲ್ಲ, ಆಧಾರ್ ಸಾಕಿತ್ತು. ಆದರೆ ಅಪ್ಪ, ಅವ್ವ ಇಬ್ಬರೂ ವರ್ಷದ ಜಾಸ್ತಿ ದಿನ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿರುತ್ತಾರೆ. ಊರಿನ ಮನೆಗೆ ಬೀಗ ಬಿದ್ದಿರುತ್ತದೆ. ಪೊಲೀಸ್ ವೆರಿಫಿಕೇಶನ್‌ಗೆ ಬಂದವರು ‘ಅರ್ಜಿದಾರರು ಈ ವಿಳಾಸದಲ್ಲಿ ಇಲ್ಲ’ ಎಂದು ಬರೆದರೆ ಫೈಲು ಅಲ್ಲೇ ನಿಲ್ಲುತ್ತದೆ. ಅದಕ್ಕೆ ಹಾಲಿ ವಿಳಾಸ ಅಂತ ಹಾಸ್ಟೆಲ್‌ನದ್ದು, ಕಾಯಂ ವಿಳಾಸ ಅಂತ ಊರಿನದ್ದು ಕೊಡುವುದೆಂದು ತೀರ್ಮಾನಿಸಿದೆ.

ಮನೆ ಬಿಟ್ಟು ಬೇರೆ ಊರಿನಲ್ಲಿ ಓದುವವರಿಗೆ ಇದಕ್ಕೆ ದಾರಿ ಇದೆ. ಓದುವ ಸಂಸ್ಥೆ ಕೊಟ್ಟ ಬೋನಫೈಡ್ ಪತ್ರವನ್ನು ಹಾಲಿ ವಿಳಾಸದ ದಾಖಲೆಯಾಗಿ ಒಪ್ಪುತ್ತಾರೆ. ಆದರೆ ಅದಕ್ಕೆ ಪ್ರಿನ್ಸಿಪಾಲರೋ, ನಿರ್ದೇಶಕರೋ, ಡೀನ್ ಅಥವಾ ಕುಲಸಚಿವರೋ ಸಹಿ ಹಾಕಿರಬೇಕು. ವಿಭಾಗದ ಮುಖ್ಯಸ್ಥರ ಹೆಸರು ಆ ಪಟ್ಟಿಯಲ್ಲಿಲ್ಲ. ನಮ್ಮಂಥ ಸ್ನಾತಕೋತ್ತರ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಬೋನಫೈಡ್ ಅಂದ ಕೂಡಲೇ ವಿಭಾಗದ ಆಫೀಸಿನಲ್ಲಿ ಒಂದು ಅರ್ಧ ಪುಟದ ರೆಡಿ ಫಾರ್ಮ್ ತೆಗೆಯುತ್ತಾರೆ. ‘ಇವರು ಈ ವರ್ಷ ನಮ್ಮ ವಿಭಾಗದಲ್ಲಿ ಓದುತ್ತಿದ್ದಾರೆ, ನಡತೆ ಒಳ್ಳೆಯದಿದೆ’ ಎಂಬ ಎರಡು ಸಾಲು, ಕೆಳಗೆ ಮುಖ್ಯಸ್ಥರ ಸಹಿ. ಸಣ್ಣಪುಟ್ಟ ಕೆಲಸಕ್ಕೆ ಅದು ನಡೆಯುತ್ತದೆ. ಪಾಸ್‌ಪೋರ್ಟಿಗೆ ನಡೆಯುವುದಿಲ್ಲ. ಅದರಲ್ಲಿ ವಿಳಾಸವೂ ಇರುವುದಿಲ್ಲ, ಫೋಟೊವೂ ಇರುವುದಿಲ್ಲ.

ನಾನು ಕೇಳಿದಾಗ ಆಫೀಸಿನ ಗುಮಾಸ್ತರು ಹೇಳಿದ್ದು ಇಷ್ಟು: “ನೀನು ನಮ್ಮ ಹಾಸ್ಟೆಲ್‌ನಾಗ ಇಲ್ಲಮ್ಮ. ಎಲ್ಲಿರ್ತೀ ಅಂತ ನಾವು ಹೆಂಗ ಬರ್ಕೊಡಾಣ?”

ಗೆಳತಿಯರಿಗೆ ಸಿಟ್ಟು ಬಂತು. ನನಗೆ ಅವರು ಹೇಳಿದ್ದು ಸರಿ ಅನ್ನಿಸಿತು. ನಾನಿರುವುದು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ನಲ್ಲಿ. ಅದು ಇಲಾಖೆಯದ್ದು, ವಿಶ್ವವಿದ್ಯಾಲಯದ್ದಲ್ಲ. ನಾನು ಓದುತ್ತಿದ್ದೇನೆ ಎಂಬುದಕ್ಕೆ ವಿಭಾಗದಲ್ಲಿ ಪ್ರವೇಶದ ರಿಜಿಸ್ಟರ್ ಇದೆ. ಎಲ್ಲಿ ಮಲಗುತ್ತೇನೆ ಎಂಬುದಕ್ಕೆ ಅವರ ಹತ್ತಿರ ಯಾವ ರಿಜಿಸ್ಟರೂ ಇಲ್ಲ. ಆಫೀಸಿನವರು ತಮ್ಮ ರಿಜಿಸ್ಟರಿನಲ್ಲಿ ಇರುವುದಕ್ಕೆ ಮಾತ್ರ ಸಹಿ ಮಾಡಿಸುತ್ತಾರೆ. ಇಲ್ಲದ್ದನ್ನು ಬರೆದುಕೊಡಿ ಎಂದು ಎಷ್ಟು ಸಲ ಅಂಗಲಾಚಿದರೂ ‘ನಾಳೆ ಬಾ’ ಅಂತಲೇ ಬರುತ್ತದೆ. ಹಾಗಾಗಿ ಪತ್ರದ ಪ್ರತಿ ಸಾಲಿಗೂ ಹಿಂದೊಂದು ದಾಖಲೆ ಇಟ್ಟುಕೊಂಡೇ ಹೋಗಬೇಕು ಅಂತ ಕೆಲಸವನ್ನು ಹಿಂದಿನಿಂದ ಶುರು ಮಾಡಿದೆ.

ಮೊದಲು ಹಾಸ್ಟೆಲ್ ವಾರ್ಡನ್ ಮೇಡಂ ಹತ್ತಿರ ಹೋದೆ. ಹಾಸ್ಟೆಲ್‌ಗೆ ಸೇರಿದ ದಿನಾಂಕ, ಈಗಲೂ ಅಲ್ಲೇ ಇದ್ದೇನೆ ಎಂಬುದು, ಕೋಣೆಯ ನಂಬರ್, ಪಿನ್‌ಕೋಡ್ ಸಮೇತ ಪೂರ್ತಿ ವಿಳಾಸ, ಇಷ್ಟಿರುವ ಒಂದು ವಾಸದ ಪತ್ರ ಕೇಳಿದೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮದು ಬಾಡಿಗೆ ಕಟ್ಟಡದ ಹಾಸ್ಟೆಲ್. ಕಟ್ಟಡ ಬದಲಾದರೂ ಲೆಟರ್‌ಹೆಡ್ಡು, ಸೀಲು ಹಳೆಯವೇ ಇರುತ್ತವೆ. ನಮ್ಮ ಲೆಟರ್‌ಹೆಡ್‌ನಲ್ಲಿ ಹಿಂದಿನ ಬಡಾವಣೆಯ ಹೆಸರಿತ್ತು. ಪೊಲೀಸರು ಆ ಬಡಾವಣೆಗೆ ಹೋದರೆ ಅಲ್ಲಿ ಹಾಸ್ಟೆಲ್ಲೇ ಇಲ್ಲ, ಅಲ್ವಾ? ಅದಕ್ಕೆ ಕಟ್ಟಡದ ಕರೆಂಟ್ ಬಿಲ್ ನೋಡಿ, ಅದರಲ್ಲಿದ್ದ ಮನೆ ನಂಬರ್, ರಸ್ತೆ, ಬಡಾವಣೆಯನ್ನೇ ಪತ್ರದೊಳಗೆ ‘ಹಾಲಿ ವಿಳಾಸ’ ಅಂತ ಬರೆಸಿದೆ. ಮುಂದೆ ಪಾಸ್‌ಪೋರ್ಟ್ ಫಾರ್ಮಿನಲ್ಲೂ ಬೋನಫೈಡ್‌ನಲ್ಲೂ ಅದನ್ನೇ ಅಕ್ಷರ ಬಿಡದೆ ಹಾಕಿದೆ.

ಆಮೇಲೆ ಹೆಸರು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇದೆ. ಆಧಾರ್‌ನಲ್ಲಿ ಇನಿಷಿಯಲ್ ಬದಲು ಅಪ್ಪನ ಹೆಸರು ಪೂರ್ತಿ ಇದೆ. ಪಾಸ್‌ಪೋರ್ಟ್ ಫಾರ್ಮಿನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿಯೇ ಬರೆಯಬೇಕು. ಇತ್ತ ವಿಭಾಗದ ರಿಜಿಸ್ಟರ್ ಅಂಕಪಟ್ಟಿಯ ಪ್ರಕಾರ ಇರುವುದರಿಂದ ಅವರು ಬೇರೆ ಥರ ಬರೆಯುವುದಿಲ್ಲ. ಜಗಳಕ್ಕೆ ಹೋಗದೆ ಹೆಸರನ್ನು ಅಂಕಪಟ್ಟಿಯಲ್ಲಿ ಇದ್ದಂತೆಯೇ ಬಿಟ್ಟೆ. ಪಕ್ಕದಲ್ಲಿ ‘ತಂದೆಯ ಹೆಸರು’ ಎಂಬ ಸಾಲು ಸೇರಿಸಿ, ಅಪ್ಪನ ಹೆಸರನ್ನು ಪೂರ್ತಿ ಬರೆಸಿದೆ. ಇನಿಷಿಯಲ್ ಯಾವುದರದ್ದು ಎಂದು ಆ ಸಾಲೇ ಹೇಳುತ್ತದೆ. ಪಾಸ್‌ಪೋರ್ಟ್ ಕೌಂಟರಿನಲ್ಲಿ ಇದನ್ನು ಕೇಳಿಯೂ ಕೇಳಿದರು, ಆ ಸಾಲು ತೋರಿಸಿದಾಗ ಒಪ್ಪಿಕೊಂಡರು. ಆದರೆ ಹೆಸರಿನ ಸ್ಪೆಲ್ಲಿಂಗೇ ಎರಡು ಕಡೆ ಬೇರೆ ಇದ್ದರೆ ಬೋನಫೈಡ್‌ನಿಂದ ಏನೂ ಆಗದು. ಅದನ್ನು ಮೊದಲು ಆಧಾರ್‌ನಲ್ಲಿ ಸರಿಮಾಡಿಸಿಕೊಂಡೇ ಮುಂದೆ ಹೋಗಬೇಕು.

ಇಷ್ಟಾದ ಮೇಲೆ ಅರ್ಜಿ ಬರೆದೆ. ಸಹಿ ಬೇಕಾದದ್ದು ಕುಲಸಚಿವರದ್ದು. ಆದರೆ ವಿದ್ಯಾರ್ಥಿ ನೇರವಾಗಿ ಅವರ ಆಫೀಸಿಗೆ ಹೋದರೆ ‘ವಿಭಾಗದಿಂದ ಬರಲಿ’ ಎಂದು ವಾಪಸ್ ಕಳಿಸುತ್ತಾರೆ. ಅದಕ್ಕೆ ‘ಮೂಲಕ’ ಎಂಬ ಸಾಲು ಹಾಕಬೇಕು. ಅರ್ಜಿ ಹೀಗಿತ್ತು:

ಇವರಿಗೆ: ಕುಲಸಚಿವರು
ಮೂಲಕ: ಮುಖ್ಯಸ್ಥರು, ನಮ್ಮ ವಿಭಾಗ
ವಿಷಯ: ಪಾಸ್‌ಪೋರ್ಟ್ ಅರ್ಜಿಗಾಗಿ ಹಾಲಿ ವಿಳಾಸ ನಮೂದಿಸಿದ ಬೋನಫೈಡ್ ಪ್ರಮಾಣ ಪತ್ರ ಕೋರಿ

ಮಾನ್ಯರೆ, ನಾನು ಎಂ.ಎಸ್ಸಿ ಎರಡನೇ ವರ್ಷದ ವಿದ್ಯಾರ್ಥಿನಿ. ನನ್ನ ನೋಂದಣಿ ಸಂಖ್ಯೆಯನ್ನು ಕೆಳಗೆ ಬರೆದಿದ್ದೇನೆ. ಪಾಸ್‌ಪೋರ್ಟ್ ಕಚೇರಿಗೆ ಹಾಲಿ ವಿಳಾಸದ ದಾಖಲೆಯಾಗಿ ಬೋನಫೈಡ್ ಪ್ರಮಾಣ ಪತ್ರ ಬೇಕಾಗಿದೆ. ನಾನು ವಾಸವಿರುವ ಹಾಸ್ಟೆಲ್‌ನ ವಾರ್ಡನ್ ನೀಡಿದ ವಾಸದ ಪತ್ರವನ್ನು ಲಗತ್ತಿಸಿದ್ದೇನೆ. ಅದರ ಆಧಾರದ ಮೇಲೆ, ವಿಳಾಸ ಮತ್ತು ಫೋಟೊ ಇರುವ ಪ್ರಮಾಣ ಪತ್ರವನ್ನು ಇಂಗ್ಲಿಷಿನಲ್ಲಿ ಮೂರು ಮೂಲ ಪ್ರತಿಗಳಲ್ಲಿ ಕೊಡಬೇಕಾಗಿ ಕೋರುತ್ತೇನೆ.

ಲಗತ್ತು: ಪ್ರವೇಶ ಶುಲ್ಕದ ರಸೀದಿ, ಗುರುತಿನ ಚೀಟಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನ ನಕಲು, ವಾರ್ಡನ್ ಪತ್ರ, ಪ್ರಮಾಣ ಪತ್ರದ ಕರಡು.

ಕೊನೆಯದೇ ಮುಖ್ಯ. ಪ್ರಮಾಣ ಪತ್ರ ಹೇಗಿರಬೇಕು ಎಂಬುದನ್ನು ನಾನೇ ಟೈಪ್ ಮಾಡಿ ಒಂದು ಪ್ರಿಂಟ್ ಇಟ್ಟೆ. ಫೈಲನ್ನು ಗುಮಾಸ್ತರ ಮೊಬೈಲಿಗೂ ಕಳಿಸಿದೆ. ಅವರು ತಮ್ಮ ಲೆಟರ್‌ಹೆಡ್‌ನಲ್ಲಿ ಪ್ರಿಂಟ್ ತೆಗೆದರಾಯಿತು. ಕರಡು ನಾವು ಕೊಟ್ಟರೆ ಅಧಿಕಪ್ರಸಂಗ ಅಂದುಕೊಳ್ಳುತ್ತಾರೇನೋ ಎಂದು ಕೆಲವರು ಹಿಂಜರಿಯುತ್ತಾರೆ. ನನ್ನ ಅನುಭವದಲ್ಲಿ ಆಫೀಸಿನವರಿಗೆ ಅದರಿಂದ ಹಗುರವೇ ಆಗುತ್ತದೆ. ಕರಡಿನಲ್ಲಿ ವಿಳಾಸದ ಸಾಲನ್ನು ‘ವಾರ್ಡನ್ ಅವರ ಇಂಥ ದಿನಾಂಕದ ಪತ್ರದ ಪ್ರಕಾರ ಈ ಕೆಳಗಿನ ವಿಳಾಸದಲ್ಲಿ ವಾಸವಾಗಿದ್ದಾರೆ’ ಎಂದು ಬರೆದಿದ್ದೆ. ಈಗ ಆ ಸಾಲಿಗೆ ಫೈಲಿನಲ್ಲೇ ದಾಖಲೆ ಇದೆ. ಮೊದಲು ಆಗುವುದಿಲ್ಲ ಎಂದಿದ್ದ ಗುಮಾಸ್ತರೇ “ಹಿಂಗ ಬರದ್ರ ನಡೀತೈತಿ ನೋಡು” ಎಂದು ಮುಖ್ಯಸ್ಥರ ಟೇಬಲ್ಲಿಗೆ ಇಟ್ಟರು.

ಮುಖ್ಯಸ್ಥರು ಅರ್ಜಿಯ ಮೇಲೆ ‘ಶಿಫಾರಸು ಮಾಡಿ ಕಳಿಸಲಾಗಿದೆ’ ಎಂದು ಬರೆದು ಸಹಿ ಮಾಡಿದರು. ಅಲ್ಲಿಂದ ಆಡಳಿತ ಕಚೇರಿಯ ಆವಕ ವಿಭಾಗಕ್ಕೆ. ಅರ್ಜಿಯ ಜೆರಾಕ್ಸ್ ಮೇಲೆ ಆವಕ ಸಂಖ್ಯೆ, ದಿನಾಂಕ ಬರೆಸಿ ಸೀಲ್ ಹಾಕಿಸಿಕೊಂಡೆ. ಈ ನಂಬರ್ ಇಲ್ಲದೆ ವಿಚಾರಿಸಲು ಹೋದರೆ ‘ಬಂದಿಲ್ಲಮ್ಮ’ ಎಂಬ ಉತ್ತರ ಬಹಳ ಸುಲಭವಾಗಿ ಸಿಗುತ್ತದೆ. ನಂಬರ್ ಹೇಳಿದರೆ ರಿಜಿಸ್ಟರ್ ತೆಗೆದು, ಯಾರ ಟೇಬಲ್ಲಿನಲ್ಲಿದೆ ಅಂತ ನೋಡಿ ಹೇಳಲೇಬೇಕಾಗುತ್ತದೆ. ನನ್ನ ಫೈಲು ನಿಂತದ್ದು ಒಂದೇ ಕಡೆ, ಶುಲ್ಕ ಬಾಕಿ ಇಲ್ಲ ಎಂದು ಲೆಕ್ಕಪತ್ರದವರು ನೋಡಬೇಕಾದ ಜಾಗದಲ್ಲಿ. ಲಗತ್ತಿನಲ್ಲಿದ್ದ ರಸೀದಿ ತೋರಿಸಿದೆ, ಮುಂದೆ ಹೋಯಿತು.

ಪತ್ರ ಕೈಗೆ ಬಂದಾಗ ಅಲ್ಲೇ ನಿಂತು ನೋಡಿಕೊಳ್ಳಬೇಕು. ಜಾವಕ ಸಂಖ್ಯೆ ಮತ್ತು ದಿನಾಂಕ ಇವೆಯಾ? ಫೋಟೊದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವಂತೆ ಸಹಿ, ಸೀಲು ಬಿದ್ದಿದೆಯಾ? ಸಹಿಯ ಕೆಳಗೆ ಹುದ್ದೆಯ ಸೀಲು ಇದೆಯಾ? ಪಿನ್‌ಕೋಡಿನ ಆರೂ ಅಂಕಿ ಸರಿ ಇವೆಯಾ? ನನ್ನ ಮೂರು ಪ್ರತಿಗಳಲ್ಲಿ ಒಂದಕ್ಕೆ ಫೋಟೊ ಮೇಲೆ ಸೀಲೇ ಬಿದ್ದಿರಲಿಲ್ಲ. ಅಲ್ಲೇ ಹಾಕಿಸಿಕೊಂಡೆ. ಒಮ್ಮೆ ಕ್ಯಾಂಪಸ್ ಬಿಟ್ಟು ಬಂದರೆ ಅದೊಂದು ಸೀಲಿಗೆ ಮತ್ತೆ ಅರ್ಧ ದಿನ ಹೋಗುತ್ತದೆ.

ಪಾಸ್‌ಪೋರ್ಟ್ ಕೇಂದ್ರದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ ಆನ್‌ಲೈನಿನಲ್ಲೇ ಕಟ್ಟಿದ್ದೆ. ಮೂಲ ದಾಖಲೆಗಳು ಮತ್ತು ನಾನೇ ಸಹಿ ಮಾಡಿದ ನಕಲುಗಳನ್ನು ಒಯ್ದಿದ್ದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲ ಪ್ರತಿ ಮರೆಯಬಾರದು. ಹತ್ತನೇ ತರಗತಿ ಪಾಸಾದವರಿಗೆ ವಲಸೆ ತಪಾಸಣೆಯಿಂದ ಸಿಗುವ ವಿನಾಯಿತಿಗೆ ಅದೇ ಆಧಾರ.

ಅದಕ್ಕಿಂತ ಹಾಸ್ಟೆಲ್ ಕಡೆಯ ತಯಾರಿ ಮುಖ್ಯ. ಪೊಲೀಸರು ಬರುವುದು ನಾವು ಕ್ಲಾಸಿನಲ್ಲಿರುವ ಹೊತ್ತಿಗೇ. ವಾರ್ಡನ್ ಮೇಡಂಗೆ, ಅಡುಗೆಯವರಿಗೆ, ರಾತ್ರಿ ಕಾವಲಿನ ಅಣ್ಣನಿಗೆ ಮೊದಲೇ ಹೇಳಿಟ್ಟಿದ್ದೆ. ‘ಅಂಥವರು ಯಾರೂ ಇಲ್ಲ’ ಎಂದು ಗೇಟಿನಲ್ಲೇ ಯಾರಾದರೂ ಹೇಳಿಬಿಟ್ಟರೆ ಅಷ್ಟೂ ಪತ್ರಗಳು ವ್ಯರ್ಥ. ರಜೆಯ ಲೆಕ್ಕವನ್ನೂ ಹಾಕಬೇಕು. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಬರುವುದು ಅದೇ ಹಾಲಿ ವಿಳಾಸಕ್ಕೆ. ಸೆಮಿಸ್ಟರ್ ಮುಗಿದು ಹಾಸ್ಟೆಲ್ ಮುಚ್ಚಿದ್ದರೆ ಅದು ಪಾಸ್‌ಪೋರ್ಟ್ ಕಚೇರಿಗೆ ವಾಪಸ್ ಹೋಗುತ್ತದೆ. ಅದಕ್ಕೇ ನಾನು ಸೆಮಿಸ್ಟರ್ ಶುರುವಾದ ಹೊಸದರಲ್ಲೇ ಅರ್ಜಿ ಹಾಕಿದ್ದು.

ಉಳಿದ ಪ್ರತಿಗಳಲ್ಲಿ ಒಂದು ಬ್ಯಾಂಕಿಗೆ ಹೋಯಿತು. ಅಲ್ಲಿ ಖಾತೆ ತೆರೆಯಲು ಗುರುತಿನ ದಾಖಲೆ ಎಂದರೆ ಆಧಾರ್‌ನಂಥವು. ಬೋನಫೈಡ್ ಒಂದನ್ನೇ ಇಟ್ಟುಕೊಂಡು ಖಾತೆ ತೆರೆಯುವುದಿಲ್ಲ. ನಾನು ವಿದ್ಯಾರ್ಥಿನಿ, ಬಳ್ಳಾರಿಯಲ್ಲಿ ಇದ್ದೇನೆ ಎಂದು ತೋರಿಸಲು ಮಾತ್ರ ಅದು ಉಪಯೋಗಕ್ಕೆ ಬಂತು. ವಿದ್ಯಾರ್ಥಿವೇತನಕ್ಕೆಂದು ಹೊಸ ಖಾತೆ ತೆರೆಯುವವರು ಇನ್ನೊಂದು ನೋಡಿಕೊಳ್ಳಿ. ಆಧಾರ್ ಮೂಲಕ ಬರುವ ಹಣ ಬೀಳುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಊರಿನ ಹಳೆಯ ಖಾತೆಗೆ ಜೋಡಣೆ ಇದ್ದರೆ ಹಣ ಅಲ್ಲಿಗೇ ಹೋಗುತ್ತದೆ.

ವಿದ್ಯಾರ್ಥಿವೇತನಕ್ಕೆ ಈ ಪತ್ರವನ್ನು ಬಳಸಲಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಬೋನಫೈಡ್‌ಗೆ ಅವರದೇ ನಮೂನೆ ಇದೆ, ಅದನ್ನೇ ಪ್ರಿಂಟ್ ತೆಗೆದು ಸಹಿ ಮಾಡಿಸಬೇಕು. ಇನ್ನು ಒಂದರಿಂದ ಹತ್ತನೇ ತರಗತಿವರೆಗೆ ಎಲ್ಲೆಲ್ಲಿ, ಯಾವ ಮಾಧ್ಯಮದಲ್ಲಿ ಓದಿದೆ ಎಂದು ಕೇಳುವ ವ್ಯಾಸಂಗ ಪ್ರಮಾಣ ಪತ್ರ ಬೇಕಿದ್ದರೆ ವಿಭಾಗಕ್ಕೆ ಹೋಗಿ ಪ್ರಯೋಜನವಿಲ್ಲ. ಆ ರಿಜಿಸ್ಟರ್ ಇರುವುದು ಊರಿನ ಶಾಲೆಯಲ್ಲಿ. ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಓ ಮೇಲುಸಹಿ. ಲಿಂಗಸುಗೂರಿಗೆ ಬಸ್ ಹತ್ತಲೇಬೇಕು.