ಬಾಗಿಲಲ್ಲೇ ವಾಪಸಾಗುವ ಫೈಲುಗಳು: ಮುದ್ರಣಾಲಯದ ಮೇಲ್ ನೋಡಿಕೊಳ್ಳುತ್ತಾ ಕಂಡದ್ದು

ಗದಗದ ಒಂದು ಪುಸ್ತಕ ಮುದ್ರಣಾಲಯದ ಮೇಲ್ ಸರ್ವರ್ ನನ್ನ ಉಸ್ತುವಾರಿಯಲ್ಲಿದೆ. ಲೇಖಕರು, ಡಿಟಿಪಿ ಮಾಡುವವರು, ಮುಖಪುಟದ ಕಲಾವಿದರು, ಎಲ್ಲರ ಪಿಡಿಎಫ್‌ಗಳೂ ಒಂದೇ ವಿಳಾಸಕ್ಕೆ ಬರುತ್ತವೆ. ಅಲ್ಲಿ ಪದೇ ಪದೇ ಏಳುತ್ತಿದ್ದ ತಕರಾರು ಒಂದೇ. ಲೇಖಕರು "ಕಳಿಸಿ ವಾರವಾಯಿತು" ಎನ್ನುತ್ತಿದ್ದರು, ಮುದ್ರಣಾಲಯದವರು "ನಮಗೆ ಏನೂ ಬಂದಿಲ್ಲ" ಎನ್ನುತ್ತಿದ್ದರು. ಇಬ್ಬರ ಮಾತೂ ನಿಜವಾಗಿರುತ್ತಿತ್ತು.

ದೊಡ್ಡ ಲಗತ್ತು ತಿರಸ್ಕೃತವಾದಾಗ ಆ ಸುದ್ದಿ ಹೋಗುವುದು ಕಳಿಸಿದವರಿಗೆ ಮಾತ್ರ, ಅದೂ ಇಂಗ್ಲಿಷಿನಲ್ಲಿ. ಪಡೆಯಬೇಕಾದವರ ಇನ್‌ಬಾಕ್ಸ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ, ಸ್ಪ್ಯಾಮ್ ಫೋಲ್ಡರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಕಳಿಸುವ ಸರ್ವರ್ ಸಂಪರ್ಕಕ್ಕೆ ಬಂದ ಕೂಡಲೇ "ನನ್ನ ಸಂದೇಶ ಇಷ್ಟು ಬೈಟ್ ಇದೆ" ಎಂದು ಮೊದಲೇ ಹೇಳುತ್ತದೆ. ನಮ್ಮ ಮಿತಿಗಿಂತ ಹೆಚ್ಚಾಗಿದ್ದರೆ ಒಳಗೆ ಬಿಟ್ಟುಕೊಳ್ಳುವ ಮುಂಚೆಯೇ ಮಾತು ಮುಗಿಯುತ್ತದೆ. ನಮ್ಮದು ಪೋಸ್ಟ್‌ಫಿಕ್ಸ್ ಸರ್ವರ್. ಅದರ ಲಾಗ್‌ನಲ್ಲಿ ಇಂತಹ ಪ್ರತಿ ನಿರಾಕರಣೆಗೂ ಒಂದು ಸಾಲು ಉಳಿಯುತ್ತದೆ. ಐಪಿ ವಿಳಾಸವನ್ನೂ ಸರ್ವರ್ ಹೆಸರನ್ನೂ ಬದಲಿಸಿ ಕೊಟ್ಟಿದ್ದೇನೆ:

```
NOQUEUE: reject: MAIL from mail.example.com[192.0.2.10]:
552 5.3.4 Message size exceeds fixed limit; proto=ESMTP
helo=<mail.example.com>
```

ಈ ಸಾಲನ್ನು ನಿಧಾನವಾಗಿ ಓದಿ. ಯಾವ ಸರ್ವರ್ ಬಂದಿತ್ತು ಎನ್ನುವುದು ಇದರಲ್ಲಿ ಇದೆ, ಯಾವ ವ್ಯಕ್ತಿ ಕಳಿಸಿದ್ದರು ಎನ್ನುವುದು ಇಲ್ಲ. ವಿಳಾಸ ದಾಖಲಾಗುವ ಹಂತಕ್ಕೆ ಮೊದಲೇ ಬಾಗಿಲು ಮುಚ್ಚಿರುತ್ತದೆ. ಇನ್ನು ಕೆಲವು ಸರ್ವರ್‌ಗಳು ನಾವು ಘೋಷಿಸಿದ ಮಿತಿಯನ್ನು ನೋಡಿ ತಾವಾಗಿಯೇ ಹಿಂದೆ ಸರಿಯುತ್ತವೆ. ಆಗ ಲಾಗ್‌ನಲ್ಲಿ ಸಂಪರ್ಕ ಬಂದದ್ದು, ಹೋದದ್ದು ಅಷ್ಟೇ ಕಾಣುತ್ತದೆ. ಹಾಗಾಗಿ "ಯಾರದ್ದು ವಾಪಸಾಯಿತೋ ಅವರಿಗೆ ಫೋನ್ ಮಾಡೋಣ" ಎಂಬ ಉಪಾಯ ನಡೆಯುವುದಿಲ್ಲ. ಲಾಗ್ ನೋಡಿ ತಿಳಿಯಬಹುದಾದದ್ದು ಇಷ್ಟೇ: ನಿನ್ನೆ ಸಂಜೆ ಯಾರದೋ ಒಂದು ದೊಡ್ಡ ಫೈಲ್ ಬಂದು ಹಿಂದಿರುಗಿದೆ.

ಧಾರವಾಡದ ನಿವೃತ್ತ ಮಾಸ್ತರರೊಬ್ಬರ ಪುಸ್ತಕದ ಸಂಗತಿಯನ್ನೇ ವಿವರವಾಗಿ ಹೇಳುತ್ತೇನೆ. ಊರಿನ ಹಳೆಯ ಫೋಟೋಗಳಿದ್ದ ಪುಟಗಳ ಪಿಡಿಎಫ್ 16 ಎಂಬಿ ಇತ್ತು. ನಮ್ಮ ಸರ್ವರಿನ ಮಿತಿ 20 ಎಂಬಿ. ಲೆಕ್ಕದ ಪ್ರಕಾರ ಬರಲೇಬೇಕಿತ್ತು, ಬರಲಿಲ್ಲ. ನಾನು ಅವರಿಗೆ ಫೋನ್ ಮಾಡಿ, "ಸರ್, ನಿಮಗೆ ಮೇಲ್ ಡೆಲಿವರಿ ಎಂಬ ಹೆಸರಿನಿಂದ ಏನಾದರೂ ಬಂದಿದೆಯೇ? ಬಂದಿದ್ದರೆ ಅದರಲ್ಲಿ ಐದರಿಂದ ಶುರುವಾಗುವ ಮೂರಂಕಿಯ ಸಂಖ್ಯೆ ಯಾವುದಿದೆ ಹೇಳುತ್ತೀರಾ?" ಎಂದು ಕೇಳಿದೆ. "ಐನೂರ ಐವತ್ತೆರಡು, ಪಕ್ಕದಲ್ಲಿ ಐದು ಚುಕ್ಕೆ ಮೂರು ಚುಕ್ಕೆ ನಾಲ್ಕು" ಎಂದರು. ಪಕ್ಕದ ಆ ಮೂರು ಅಂಕಿಗಳೇ ರೋಗದ ಹೆಸರು. 5.3.4 ಅಥವಾ 5.2.3 ಎಂದಿದ್ದರೆ ಸಂದೇಶದ ಗಾತ್ರ ಹೆಚ್ಚಾಗಿದೆ. 5.2.2 ಎಂದಿದ್ದರೆ ಪಡೆಯುವವರ ಪೆಟ್ಟಿಗೆ ತುಂಬಿದೆ, ಅಲ್ಲಿ ಎಷ್ಟು ಚಿಕ್ಕ ಫೈಲ್ ಕಳಿಸಿದರೂ ಪ್ರಯೋಜನವಿಲ್ಲ. 5.7 ರಿಂದ ಶುರುವಾದರೆ ಸಾಮಾನ್ಯವಾಗಿ ಸುರಕ್ಷತೆಯ ಕಾರಣಕ್ಕೆ ತಡೆದಿದ್ದಾರೆ, ಅದಕ್ಕೂ ಗಾತ್ರಕ್ಕೂ ಸಂಬಂಧವಿಲ್ಲ.

16 ಎಂಬಿ ಫೈಲ್ 20 ಎಂಬಿ ಮಿತಿಯನ್ನು ಮೀರಿದ್ದು ಹೇಗೆ? ಮೇಲ್ ವ್ಯವಸ್ಥೆ ಮೂಲದಲ್ಲಿ ಅಕ್ಷರಗಳಿಗಾಗಿ ಹುಟ್ಟಿದ್ದು. ಪಿಡಿಎಫ್, ಫೋಟೋಗಳಂಥವು ಅದರಲ್ಲಿ ಸಾಗಬೇಕಾದರೆ ಬೇಸ್64 ಎಂಬ ವಿಧಾನದಲ್ಲಿ ಅಕ್ಷರಗಳಾಗಿ ಬದಲಾಗಬೇಕು. ಮೂರು ಬೈಟ್ ಇದ್ದದ್ದು ನಾಲ್ಕು ಅಕ್ಷರವಾಗುತ್ತದೆ, ಜೊತೆಗೆ ಪ್ರತಿ 76 ಅಕ್ಷರಕ್ಕೊಮ್ಮೆ ಸಾಲು ಮುರಿಯಲು ಇನ್ನೆರಡು ಬೈಟ್. ಒಟ್ಟಿನಲ್ಲಿ ಫೈಲ್ ಸುಮಾರು 1.37 ಪಟ್ಟು ಹಿಗ್ಗುತ್ತದೆ. ಮಾಸ್ತರರ 16 ಎಂಬಿ ದಾರಿಯಲ್ಲಿ ಸುಮಾರು 22 ಎಂಬಿ ಆಗಿತ್ತು. 20 ಎಂಬಿ ಮಿತಿಯಿರುವ ಸರ್ವರಿಗೆ ನಿಜವಾಗಿ ಕಳಿಸಬಹುದಾದ ಫೈಲ್ 14.5 ಎಂಬಿಯ ಆಸುಪಾಸಿನದು.

ಇಷ್ಟರಲ್ಲಿ ಮಾಸ್ತರರು ತಾವೇ ಒಂದು ದಾರಿ ಕಂಡುಕೊಂಡಿದ್ದರು. ಪಿಡಿಎಫ್ ಕುಗ್ಗಿಸಿಕೊಡುವ ಯಾವುದೋ ಜಾಲತಾಣಕ್ಕೆ ಹಾಕಿ 3 ಎಂಬಿಗೆ ಇಳಿಸಿ ಕಳಿಸಿದರು. ಅದು ಸರಾಗವಾಗಿ ಬಂತು. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಅಚ್ಚಿನ ಪ್ಲೇಟ್‌ಗೆ ಕಳಿಸುವ ಮೊದಲು ನಾನು ಈ ಆಜ್ಞೆ ಕೊಟ್ಟು ನೋಡಿದೆ:

```
pdfimages -list photos.pdf
```

ಪ್ರತಿ ಚಿತ್ರದ ಎದುರಿಗೂ `x-ppi` ಎಂಬ ಅಂಕಣದಲ್ಲಿ 96 ಎಂದಿತ್ತು. ಆಫ್‌ಸೆಟ್ ಮುದ್ರಣಕ್ಕೆ ಫೋಟೋಗಳಲ್ಲಿ ಇಂಚಿಗೆ 300 ಚುಕ್ಕಿಗಳು ಇರಬೇಕು. ಪುಟದಲ್ಲಿ ಆರು ಇಂಚು ಅಗಲ ಬರುವ ಚಿತ್ರಕ್ಕೆ 1800 ಚುಕ್ಕಿಗಳು ಬೇಕಾದಲ್ಲಿ 576 ಮಾತ್ರ ಉಳಿದಿದ್ದವು. ಹಾಗೆಯೇ ಅಚ್ಚಾಗಿದ್ದರೆ ಆ ಹಳೆಯ ಮುಖಗಳೆಲ್ಲ ಮಸುಕಾಗಿ ಹೋಗುತ್ತಿದ್ದವು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು: ಇನ್ನೂ ಪ್ರಕಟವಾಗದ ಪುಟಗಳು ಗುರುತು ಪರಿಚಯವಿಲ್ಲದ ಜಾಲತಾಣವೊಂದಕ್ಕೆ ಹೋಗಿ ಬಂದಿದ್ದವು. ಅಂದಿನಿಂದ "ಸ್ವಲ್ಪ ಚಿಕ್ಕದು ಮಾಡಿ ಕಳಿಸಿ" ಎಂಬ ಮಾತನ್ನು ಮುದ್ರಣಾಲಯದಲ್ಲಿ ಯಾರೂ ಆಡಕೂಡದು ಎಂದು ಹೇಳಿದ್ದೇನೆ. ಜಿಪ್ ಮಾಡಿ ಎನ್ನುವುದೂ ವ್ಯರ್ಥವೇ. ಪಿಡಿಎಫ್ ಒಳಗಿನ ಜೆಪೆಗ್ ಚಿತ್ರಗಳು ಆಗಲೇ ಹಿಂಡಿಟ್ಟವು, ಜಿಪ್‌ನಿಂದ ಅವು ಇಳಿಯುವುದು ತೀರಾ ಅತ್ಯಲ್ಪ.

ಮೊದಲು ಮಿತಿಯನ್ನು ಏರಿಸಿದೆ. ಪೋಸ್ಟ್‌ಫಿಕ್ಸ್‌ನಲ್ಲಿ ಏನನ್ನೂ ಹೇಳದಿದ್ದರೆ ಮಿತಿ 10240000 ಬೈಟ್, ಅಂದರೆ 10 ಎಂಬಿಗೂ ಸ್ವಲ್ಪ ಕಡಿಮೆ. ನಮ್ಮಲ್ಲಿದ್ದ 20 ಎಂಬಿಯನ್ನು ನಾನು 40 ಎಂಬಿಗೆ ಒಯ್ದೆ:

```
postconf -e 'message_size_limit = 41943040'
postfix reload
```

40 ಎಂದು ಆರಿಸಿದ್ದಕ್ಕೆ ಕಾರಣವಿದೆ. ನಮ್ಮ ಲೇಖಕರಲ್ಲಿ ಹೆಚ್ಚಿನವರು ಜಿಮೇಲ್ ಬಳಸುತ್ತಾರೆ. ಅಲ್ಲಿಂದ ಲಗತ್ತಿಸಬಹುದಾದದ್ದು 25 ಎಂಬಿ, ಹಿಗ್ಗಿದ ಮೇಲೆ ಅದು 34 ಎಂಬಿ ದಾಟುತ್ತದೆ. ಆದ್ದರಿಂದ 40 ಇಟ್ಟರೆ ಜಿಮೇಲ್‌ನಿಂದ ಲಗತ್ತಾಗಿ ಹೊರಟದ್ದೆಲ್ಲ ಒಳಗೆ ಬರುತ್ತದೆ. ಅದಕ್ಕಿಂತ ಮೇಲೇರಿಸಿದರೆ ಅವರಿಂದ ನಮಗೇನೂ ಹೆಚ್ಚು ಸಿಗುವುದಿಲ್ಲ, ಕಳಿಸುವ ಕಡೆಯಲ್ಲೇ ಬೇಲಿ ಇದೆ. ಏರಿಸುವವರು `mailbox_size_limit` ಅನ್ನೂ ನೋಡಬೇಕು. ಅದು ತಾನಾಗಿ 51200000 ಇರುತ್ತದೆ. ಸಂದೇಶದ ಮಿತಿಯನ್ನು ಅದಕ್ಕಿಂತ ಮೇಲೆ ಒಯ್ದರೆ ಸ್ಥಳೀಯ ಪೆಟ್ಟಿಗೆಗೆ ಮೇಲ್ ತಲುಪಿಸುವ ಕೆಲಸವೇ ನಿಂತುಬಿಡುತ್ತದೆ.

ಇಷ್ಟಾದರೂ ಬಣ್ಣದ ಮುಖಪುಟ, ಚಿತ್ರಸಂಪುಟಗಳು 60, 80, 200 ಎಂಬಿ ಇರುತ್ತವೆ. ಅವುಗಳಿಗೆ ಮೇಲ್ ದಾರಿಯೇ ಅಲ್ಲ. ಲೇಖಕರು ಕಳಿಸಲು ಕೂರುವ ಮೊದಲೇ ಅವರ ಕೈಗೆ ಒಂದು ಲಿಂಕ್ ಕೊಡುವುದು ನನಗೆ ಸರಿಕಂಡ ಪರಿಹಾರ. ಮುದ್ರಣಾಲಯದ ಸರ್ವರಿನಲ್ಲಿ ನೆಕ್ಸ್ಟ್‌ಕ್ಲೌಡ್ ಎಂಬ ಫೈಲ್ ಹಂಚಿಕೆಯ ತಂತ್ರಾಂಶ ಹಾಕಿದ್ದೇನೆ. ಪ್ರತಿ ಪುಸ್ತಕಕ್ಕೂ ಒಂದು ಫೋಲ್ಡರ್, ಅದರ ಹಂಚಿಕೆಯ ಲಿಂಕಿಗೆ `File drop` ಎಂಬ ಅನುಮತಿ, ಹೊಸ ಆವೃತ್ತಿಗಳಲ್ಲಿ ಅದರ ಹೆಸರು `File request`. ಅಂಚೆ ಡಬ್ಬಿಯ ಹಾಗೆ, ಹಾಕುವವರು ಹಾಕಬಹುದೇ ಹೊರತು ಒಳಗೇನಿದೆ ಎಂದು ನೋಡಲಾಗದು. ಲಿಂಕ್ ಯಾರದೋ ವಾಟ್ಸಾಪ್ ಗುಂಪಿಗೆ ಹೋದರೂ ಹಸ್ತಪ್ರತಿ ಹೊರಬೀಳುವುದಿಲ್ಲ, ಹೆಚ್ಚೆಂದರೆ ಬೇಡದ ಫೈಲ್ ಒಂದು ಒಳಗೆ ಬೀಳಬಹುದು. ಅದನ್ನೂ ತಡೆಯಲು ಪಾಸ್‌ವರ್ಡ್ ಇಡುತ್ತೇನೆ. ಲಿಂಕ್ ಮೇಲ್‌ನಲ್ಲಿ ಹೋಗುತ್ತದೆ, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳುತ್ತೇನೆ. ಎರಡೂ ಒಂದೇ ಮೇಲ್‌ನಲ್ಲಿದ್ದರೆ ಪಾಸ್‌ವರ್ಡ್ ಇಟ್ಟೂ ಇಡದಂತೆಯೇ.

ಮಾಸ್ತರರ ಮೂಲ ಪಿಡಿಎಫ್ ಹೀಗೆ ಬಂತು. ಅವರಿಗೆ ಖಾತೆ ತೆರೆಯುವ ಕೆಲಸವಿರಲಿಲ್ಲ. ಬ್ರೌಸರಿನಲ್ಲಿ ಲಿಂಕ್ ತೆರೆದು, ಪಾಸ್‌ವರ್ಡ್ ಕೊಟ್ಟು, ಫೈಲ್ ಆರಿಸಿದರು. ಬಂದ ಮೇಲೆ ಗಾತ್ರವನ್ನು ಫೋನಿನಲ್ಲಿ ಇಬ್ಬರೂ ಓದಿ ಹೋಲಿಸಿಕೊಂಡೆವು, ಅರ್ಧಕ್ಕೆ ನಿಂತ ಅಪ್‌ಲೋಡ್ ಇದರಲ್ಲೇ ಸಿಕ್ಕಿಬೀಳುತ್ತದೆ. `pdfimages` ಈಗ 300 ತೋರಿಸಿತು. ಫಾಂಟುಗಳೆಲ್ಲ ಪಿಡಿಎಫ್ ಒಳಗೇ ಸೇರಿವೆಯೇ ಎಂದು ತಿಳಿಯಲು `pdffonts` ಕೊಟ್ಟು `emb` ಅಂಕಣದಲ್ಲಿ ಎಲ್ಲ ಫಾಂಟಿಗೂ `yes` ಇದೆಯೇ ಎಂದೂ ನೋಡಿದೆ. ನುಡಿ ಫಾಂಟಿನಲ್ಲಿ ಮಾಡಿದ ಪುಟಗಳಲ್ಲಿ ಇದನ್ನು ನೋಡದೆ ಮುಂದೆ ಹೋಗುವಂತಿಲ್ಲ.

ಈ ವ್ಯವಸ್ಥೆ ಕೈಕೊಡುವುದು ಎರಡು ಕಡೆ. ಚಿಕ್ಕ ಫೈಲ್ ಹೋಗಿ ದೊಡ್ಡದು ಮಾತ್ರ `413` ಎಂದು ನಿಂತರೆ ನೆಕ್ಸ್ಟ್‌ಕ್ಲೌಡ್ ಮುಂದಿರುವ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಡೆಯುತ್ತಿದೆ ಎಂದು ತಿಳಿಯಬೇಕು. ಅದರ `client_max_body_size` ಹೇಳದೆ ಬಿಟ್ಟರೆ 1 ಎಂಬಿ ಮಾತ್ರ. ಎರಡನೆಯದು, ತಿದ್ದಿದ ಪ್ರತಿಯನ್ನು ಅದೇ ಹೆಸರಿನಲ್ಲಿ ಮತ್ತೆ ಹಾಕಿದಾಗ ಹಳೆಯದು ಅಳಿಯದೆ ಹೊಸದು ಬೇರೆ ಹೆಸರಿನಲ್ಲಿ, ಕೊನೆಗೆ (2) ಅಂಟಿಕೊಂಡು ಕೂರುತ್ತದೆ. ಹಳೆಯದು ಉಳಿಯುವುದು ಒಳ್ಳೆಯದೇ, ಆದರೆ ಪ್ಲೇಟ್‌ಗೆ ಹೋಗಬೇಕಾದದ್ದು ಯಾವುದು ಎಂಬ ಗೊಂದಲ ಬೇಡ. ಅದಕ್ಕಾಗಿ ಫೈಲಿನ ಹೆಸರಲ್ಲೇ ತಾರೀಕು ಹಾಕಲು ಕೇಳುತ್ತೇನೆ.

ಕೆಲವರು ತಮ್ಮದೇ ಗೂಗಲ್ ಡ್ರೈವ್ ಲಿಂಕ್ ಕಳಿಸುತ್ತಾರೆ, 25 ಎಂಬಿ ದಾಟಿದರೆ ಜಿಮೇಲ್ ತಾನೇ ಹಾಗೆ ಮಾಡುತ್ತದೆ. ಅನುಮತಿ ಇಲ್ಲ ಎಂದು ಪುಟ ತೆರೆದುಕೊಂಡರೆ "ಲಿಂಕ್ ಇರುವ ಎಲ್ಲರಿಗೂ" ಎಂದು ತೆರೆದಿಡಲು ನಾನು ಹೇಳುವುದಿಲ್ಲ. ಮುದ್ರಣಾಲಯದ ವಿಳಾಸವೊಂದನ್ನೇ ಸೇರಿಸಿ ಎನ್ನುತ್ತೇನೆ. ಫೈಲ್ ನೋಡಲು ನಮ್ಮ ಮೇಲ್‌ನ ಪಾಸ್‌ವರ್ಡ್ ಕೇಳುವ ಪುಟವೇನಾದರೂ ತೆರೆದುಕೊಂಡರೆ ಅಲ್ಲಿಗೇ ಮುಚ್ಚಿ ಲೇಖಕರಿಗೆ ಫೋನ್ ಮಾಡಬೇಕು. ಮೇಲ್‌ನಲ್ಲಿ ಬಂದ ಲಗತ್ತನ್ನು ನಮ್ಮ ಸರ್ವರ್ ವೈರಸ್‌ಗಾಗಿ ಪರೀಕ್ಷಿಸುತ್ತದೆ, ಲಿಂಕಿನಿಂದ ಇಳಿಸಿದ್ದನ್ನು ಅದು ಪರೀಕ್ಷಿಸಿರುವುದಿಲ್ಲ. 100 ಎಂಬಿ ಮೀರಿದ ಫೈಲನ್ನು ಡ್ರೈವ್ ಕೂಡ ಪರೀಕ್ಷಿಸುವುದಿಲ್ಲ. ಆದ್ದರಿಂದ ಬಂದದ್ದೆಲ್ಲ ಕ್ಲಾಮ್‌ಎವಿ ಮೂಲಕ ಹಾಯಬೇಕು. ಅದಕ್ಕೂ ಗಾತ್ರದ ಮಿತಿ ಉಂಟು. ಮಿತಿ ಮೀರಿದ ಫೈಲನ್ನು ಅದು ನೋಡದೆಯೇ ಬಿಟ್ಟು `OK` ಎಂದು ಬರೆದುಬಿಡುತ್ತದೆ. ಹಾಗಾಗಿ ಹೀಗೆ ಓಡಿಸುತ್ತೇನೆ:

```
clamscan --max-filesize=500M --max-scansize=500M photos.pdf
```

ಲಿಂಕಿನ ಕೊನೆಯ ದಿನವನ್ನು ಪ್ಲೇಟ್ ಮಾಡುವ ದಿನಕ್ಕೆ ಕಟ್ಟಿದ್ದೇನೆ. ಆ ದಿನ ದಾಟಿದ ಮೇಲೆ ತಿದ್ದುಪಡಿ ಬೇಕಾದರೆ ಲೇಖಕರು ಫೋನ್ ಮಾಡಲೇಬೇಕು. ಮುದ್ರಣ ವಿಭಾಗದವರಿಗೆ ತಿಳಿಸಿ ಅದೇ ಲಿಂಕಿನ ದಿನಾಂಕವನ್ನು ಮುಂದೂಡುತ್ತೇನೆ, ಹೊಸ ವಿಳಾಸ ಕಳಿಸಬೇಕಾಗಿಲ್ಲ. ಪುಸ್ತಕ ಬೈಂಡಿಂಗ್‌ಗೆ ಹೋದ ಮೇಲೆ ಹಂಚಿಕೆಯನ್ನೇ ಅಳಿಸಿ, ಫೋಲ್ಡರನ್ನು ಸಂಗ್ರಹಕ್ಕೆ ಸಾಗಿಸುತ್ತೇನೆ.