‘ತೆಳುವಾಗಿ’ ಎಂದರೆ ಎಷ್ಟು: ಮಗಳ ಇಸಬಿಗೆ ಕ್ರೀಮು ಹಚ್ಚಿದ ನನ್ನ ಅನುಭವ

ನನ್ನ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಮೊಣಕೈಗಳ ಮಡಿಕೆಯಲ್ಲಿಯೂ ಮೊಣಕಾಲುಗಳ ಹಿಂಭಾಗದಲ್ಲಿಯೂ ಇಸಬು ಕಾಣಿಸಿಕೊಂಡಿತು. ಚಳಿಗಾಲದ ಒಣ ಗಾಳಿಗೆ ಚರ್ಮ ಕೆಂಪಾಗಿ, ದಪ್ಪವಾಗಿ, ರಾತ್ರಿಯಿಡೀ ತುರಿಸುತ್ತಿತ್ತು. ಚರ್ಮರೋಗ ತಜ್ಞೆಯೊಬ್ಬರು ಫ್ಲುಟಿಕಾಸೋನ್ ಎಂಬ ಸ್ಟೀರಾಯ್ಡ್ ಇರುವ ಹತ್ತು ಗ್ರಾಮಿನ ಕ್ರೀಮನ್ನು ಬರೆದುಕೊಟ್ಟು, ದಿನಕ್ಕೊಮ್ಮೆ ತೆಳುವಾಗಿ ಹಚ್ಚಬೇಕೆಂದು ತಿಳಿಸಿದ್ದರು. ಮೂರು ತಿಂಗಳಾದ ಮೇಲೆ ಮತ್ತೆ ಹೋದಾಗ ಅವರು ಮಗುವಿನ ಕೈಯನ್ನು ನೋಡುವ ಮೊದಲೇ ನನ್ನಿಂದ ಟ್ಯೂಬನ್ನು ತೆಗೆದುಕೊಂಡು, ಬೆರಳಿನಿಂದ ಒತ್ತಿ ನೋಡಿ, “ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಇದೆಯಲ್ಲ, ನೀವು ಹಚ್ಚಿಯೇ ಇಲ್ಲ” ಎಂದರು.

ನಾನು ಹಚ್ಚಿದ್ದೆ. ಆದರೆ ಸ್ಟೀರಾಯ್ಡ್ ಎಂಬ ಪದಕ್ಕೆ ಹೆದರಿ, ಸಾಸಿವೆ ಕಾಳಿನಷ್ಟು ತೆಗೆದುಕೊಂಡು ಇಡೀ ಮಡಿಕೆಗೆ ಎಳೆದೆಳೆದು ಸವರುತ್ತಿದ್ದೆ. ಎರಡು ದಿನಕ್ಕೆ ಕೆಂಪು ಸ್ವಲ್ಪ ಇಳಿದ ಕೂಡಲೇ ನಿಲ್ಲಿಸುತ್ತಿದ್ದೆ. ಐದಾರು ದಿನಗಳಲ್ಲಿ ತುರಿಕೆ ಮರಳುತ್ತಿತ್ತು, ನಾನು ಮತ್ತೆ ಸಾಸಿವೆ ಕಾಳಿನಷ್ಟು ತೆಗೆದುಕೊಳ್ಳುತ್ತಿದ್ದೆ. ಮೂರು ತಿಂಗಳಲ್ಲಿ ಮಗುವಿಗೆ ಔಷಧಿ ಬಿಟ್ಟೂ ಬಿಟ್ಟೂ ತಾಗಿತ್ತೇ ಹೊರತು ರೋಗ ಒಂದು ಸಲವೂ ಪೂರ್ತಿ ಇಳಿದಿರಲಿಲ್ಲ.

ಆ ದಿನ ಅವರು ಬೆರಳ ತುದಿಯ ಅಳತೆಯನ್ನು ತೋರಿಸಿಕೊಟ್ಟರು. ದೊಡ್ಡವರ ತೋರುಬೆರಳಿನ ಕೊನೆಯ ಗೆಣ್ಣಿನ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಗೆರೆ ಕ್ರೀಮು ಹಿಂಡಿದರೆ ಅದು ಒಂದು ಅಳತೆ, ಸುಮಾರು ಅರ್ಧ ಗ್ರಾಂ. ಬೆರಳುಗಳನ್ನು ಜೋಡಿಸಿ ಹಿಡಿದ ದೊಡ್ಡವರ ಎರಡು ಹಸ್ತಗಳು ಮುಚ್ಚುವಷ್ಟು ಚರ್ಮಕ್ಕೆ ಅದು ಸಾಕು. ಬ್ರಿಟನ್ನಿನ ಚರ್ಮವೈದ್ಯರಾದ ಲಾಂಗ್ ಮತ್ತು ಫಿನ್ಲೆ 1991ರಲ್ಲಿ ರೂಢಿಗೆ ತಂದ ಈ ಲೆಕ್ಕದಲ್ಲಿ, ಹಚ್ಚುವುದು ಮಗುವಿಗೇ ಆದರೂ ಬೆರಳು ಮತ್ತು ಹಸ್ತ ಎರಡೂ ದೊಡ್ಡವರದ್ದೇ ಆಗಿರಬೇಕು. ನಾನು ಮನೆಗೆ ಬಂದು ಮಗಳ ಮಡಿಕೆಗಳ ಮೇಲೆ ನನ್ನ ಕೈಯಿಟ್ಟು ನೋಡಿದೆ. ನಾಲ್ಕೂ ಕಡೆಯ ಇಸಬನ್ನು ಒಟ್ಟುಗೂಡಿಸಿದರೆ ಬೆರಳುಗಳೂ ಸೇರಿದಂತೆ ನನ್ನ ಒಂದು ಹಸ್ತದಷ್ಟಾಗುತ್ತಿತ್ತು. ಅಂದರೆ ದಿನಕ್ಕೆ ಅರ್ಧ ಅಳತೆ, ಕಾಲು ಗ್ರಾಂ.

ಇಲ್ಲಿ ಒಂದು ತೊಡಕಿತ್ತು. ಈ ಅಳತೆಯನ್ನು ಮಾಡಿರುವುದು ಬಾಯಿ ಐದು ಮಿಲಿಮೀಟರ್ ಅಗಲವಿರುವ ಟ್ಯೂಬಿಗೆ. ನನ್ನ ಬಳಿಯಿದ್ದ ಚಿಕ್ಕ ಟ್ಯೂಬಿನ ಬಾಯಿ ಮಗಳ ಸ್ಕೇಲಿನಲ್ಲಿ ಮೂರು ಮಿಲಿಮೀಟರ್ ಇತ್ತು. ಅನುಮಾನ ತೀರಿಸಿಕೊಳ್ಳಲು ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋಗಿ, ಚಿನ್ನ ತೂಗುವ ತಕ್ಕಡಿಯಲ್ಲಿ ಟ್ಯೂಬನ್ನು ಒಮ್ಮೆ ತೂಗಿಸಿ, ಒಂದು ಗೆರೆ ಹಿಂಡಿದ ಮೇಲೆ ಮತ್ತೊಮ್ಮೆ ತೂಗಿಸಿದೆ. ಅವರು ನಕ್ಕರು, ಆದರೆ ತಕ್ಕಡಿ ತೋರಿಸಿದ ವ್ಯತ್ಯಾಸ 0.17 ಗ್ರಾಂ ಮಾತ್ರ. ಬಾಯಿ ಕಿರಿದಾದಷ್ಟೂ ಗೆರೆ ಸಣಕಲಾಗುತ್ತದೆ, ಆದ್ದರಿಂದ ಉದ್ದ ಒಂದೇ ಆಗಿದ್ದರೂ ನನ್ನ ಗೆರೆಯಲ್ಲಿ ಬರುತ್ತಿದ್ದುದು ಮೂರನೆಯ ಒಂದು ಭಾಗ. ಕಾಲು ಗ್ರಾಮಿಗೆ ನಾನು ಒಂದೂವರೆ ಗೆರೆ ಹಿಂಡಬೇಕಾಗಿತ್ತು. ಇದನ್ನು ವೈದ್ಯರಿಗೆ ಹೇಳಿದಾಗ ಅವರು ಒಪ್ಪಿದರು. ಟ್ಯೂಬಿನ ಬಾಯಿಯನ್ನು ನೋಡದೆ ಅಳತೆಯನ್ನು ನಂಬಬಾರದೆಂಬುದನ್ನು ನಾನು ಕಲಿತದ್ದು ಹೀಗೆ.

ಹಚ್ಚುವ ಕ್ರಮ ಸರಳವಾಗಿತ್ತು. ರಾತ್ರಿ ಸ್ನಾನ ಮಾಡಿಸಿ, ಉಜ್ಜದೆ ಒತ್ತಿ ಒರೆಸಿ, ತೋರುಬೆರಳಿನ ಮೇಲಿನ ಕ್ರೀಮನ್ನು ನಾಲ್ಕು ಮಡಿಕೆಗಳಿಗೂ ಚುಕ್ಕೆಗಳಾಗಿ ಇಟ್ಟು, ರೋಮ ಬೆಳೆದ ದಿಕ್ಕಿಗೇ ಮೆಲ್ಲನೆ ಸವರುತ್ತಿದ್ದೆ. ಸವರಿ ಮುಗಿಸಿದಾಗ ಚರ್ಮಕ್ಕೆ ತೆಳುವಾದ ಹೊಳಪು ಬಂದಿರಬೇಕು. ಬಿಳಿ ಪದರ ಉಳಿದಿದ್ದರೆ ಹೆಚ್ಚಾಯಿತೆಂದೂ, ಬೆರಳು ಒಣಗಿ ಎಳೆಯುತ್ತಿದ್ದರೆ ಕಡಿಮೆಯಾಯಿತೆಂದೂ ತಿಳಿಯುತ್ತಿದ್ದೆ. ದಪ್ಪಗೆ ಹಚ್ಚಿದರೆ ಬೇಗ ವಾಸಿಯಾಗುವುದಿಲ್ಲ, ಹೆಚ್ಚಾದದ್ದು ಬಟ್ಟೆಗೆ ಮೆತ್ತಿಕೊಳ್ಳುತ್ತದೆ ಅಷ್ಟೇ. ಮಾಯಿಶ್ಚರೈಸರನ್ನು ಅರ್ಧ ಗಂಟೆ ಬಿಟ್ಟು ಹಚ್ಚುತ್ತಿದ್ದೆ, ಎರಡನ್ನೂ ಕೂಡಲೇ ಬೆರೆಸಿದರೆ ಔಷಧಿ ತೆಳುವಾಗಿ, ಬೇಡದ ಕಡೆಗೂ ಹರಡುತ್ತದೆ. ಆಮೇಲೆ ನನ್ನ ಕೈಯನ್ನು ತೊಳೆದುಕೊಳ್ಳುತ್ತಿದ್ದೆ.

ಅಳತೆ ಸರಿಯಾದ ಮೇಲೆ ಮೂರನೆಯ ರಾತ್ರಿಗೇ ಮಗು ಎಚ್ಚರವಾಗದೆ ಮಲಗಿದಳು. ಐದನೆಯ ದಿನ ಕೆಂಪು ಕಾಣಲಿಲ್ಲ. ಹಿಂದಿನ ನನ್ನ ರೂಢಿಯಂತೆ ಅಲ್ಲಿಗೇ ನಿಲ್ಲಿಸುತ್ತಿದ್ದೆನೇನೋ, ಆದರೆ ವೈದ್ಯರು ಕಣ್ಣು ಮುಚ್ಚಿಕೊಂಡು ಸವರಿ ನೋಡುವಂತೆ ಹೇಳಿದ್ದರು. ಕಣ್ಣು ಮುಚ್ಚಿ ಇಸಬಿನ ಜಾಗದಿಂದ ಪಕ್ಕದ ಒಳ್ಳೆಯ ಚರ್ಮಕ್ಕೆ ಬೆರಳನ್ನು ಜಾರಿಸಿದಾಗ, ಗಡಿಯಲ್ಲಿ ಸಣ್ಣ ಮೆಟ್ಟಿಲಿನಂತೆ ಏನೋ ತಾಗಿತು, ಒಳಗೆ ರವೆಯಂತಹ ಒರಟೂ ಇತ್ತು. ಅಂದರೆ ಉರಿಯೂತ ಇನ್ನೂ ಉಳಿದಿತ್ತು. ಒಂಬತ್ತನೆಯ ದಿನ ಬೆರಳಿಗೆ ಗಡಿಯೇ ಸಿಗಲಿಲ್ಲ. ಅಂದಿಗೆ ನಿಲ್ಲಿಸಿ, ಟ್ಯೂಬಿನ ಮೇಲೆ ತಾರೀಕು ಬರೆದಿಟ್ಟು, ಮಾಯಿಶ್ಚರೈಸರನ್ನು ಮಾತ್ರ ಮುಂದುವರಿಸಿದೆ. ಒಂಬತ್ತು ದಿನಕ್ಕೆ ಖರ್ಚಾದದ್ದು ಎರಡೂಕಾಲು ಗ್ರಾಂ.

ಮುಂದಿನ ಸಲ ನಾನು ಎಡವಿದ್ದು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ. ಇಸಬು ಮರಳಿದಾಗ ಇದೇ ಕ್ರಮದಲ್ಲಿ ಹಚ್ಚಿದೆ, ಚರ್ಮ ನಯವಾಯಿತು, ತುರಿಕೆಯೂ ನಿಂತಿತು. ಆದರೆ ಮಡಿಕೆಯಲ್ಲಿ ಕಂದು ಕಲೆಯೊಂದು ಉಳಿದಿತ್ತು. ಕಲೆ ಹೋಗುವವರೆಗೂ ರೋಗ ಹೋಗಿಲ್ಲವೆಂದು ಭಾವಿಸಿ ಹದಿನಾರನೆಯ ದಿನದವರೆಗೂ ಹಚ್ಚುತ್ತಲೇ ಹೋದೆ. ವೈದ್ಯರು ಅದನ್ನು ನೋಡಿ ಅಂದೇ ನಿಲ್ಲಿಸಿದರು. ನಮ್ಮಂತಹ ಗೋಧಿ ಮೈಬಣ್ಣದವರಲ್ಲಿ ಉರಿಯೂತ ಇಳಿದ ಮೇಲೂ ಕಪ್ಪು ಅಥವಾ ಬಿಳುಚು ಕಲೆ ವಾರಗಳವರೆಗೆ, ಕೆಲವೊಮ್ಮೆ ತಿಂಗಳುಗಳವರೆಗೆ ಇರುತ್ತದೆ, ಅದನ್ನು ಸ್ಟೀರಾಯ್ಡ್ ಅಳಿಸುವುದಿಲ್ಲ. ಅದು ಹೋಗಲೆಂದು ಹಚ್ಚುತ್ತಾ ಹೋದರೆ ಚರ್ಮವೇ ತೆಳುವಾಗಿ, ಹೊಳೆಯುತ್ತಾ, ಒಳಗಿನ ಸಣ್ಣ ರಕ್ತನಾಳಗಳು ಗೆರೆಗಳಂತೆ ಕಾಣತೊಡಗುತ್ತವೆ. ಚರ್ಮಕ್ಕೆ ಚರ್ಮ ತಾಗುವ ಮಡಿಕೆಗಳಲ್ಲಿ ಔಷಧಿ ಹೆಚ್ಚು ಒಳಸೇರುವುದರಿಂದ ಅಲ್ಲಿ ಇದು ಬೇಗ ಆಗುತ್ತದೆ. ನನ್ನ ಮಗಳಿಗೆ ಹಾಗೇನೂ ಆಗಿರಲಿಲ್ಲ, ಕಲೆಯೂ ಎರಡು ತಿಂಗಳಲ್ಲಿ ತಾನಾಗಿಯೇ ಮಾಸಿತು. ಹಾಗಾಗಿ ನಿಲ್ಲಿಸುವುದನ್ನು ನಿರ್ಧರಿಸಲು ನಾನೀಗ ಬಣ್ಣವನ್ನು ನೋಡುವುದಿಲ್ಲ, ತುರಿಕೆ ಮತ್ತು ಒರಟು ಎರಡನ್ನೇ ನೋಡುತ್ತೇನೆ.

ಎರಡು ವಾರ ಸರಿಯಾದ ಅಳತೆಯಲ್ಲಿ ಹಚ್ಚಿದರೂ ಒರಟು ಇಳಿಯದಿದ್ದರೆ ಮುಂದುವರಿಸದೆ ಬಂದು ತೋರಿಸಬೇಕೆಂದು ವೈದ್ಯರು ಹೇಳಿದ್ದರು. ಹಳದಿ ಹೊಪ್ಪಳೆ ಕಟ್ಟಿದರೆ, ಕೀವು ಬಂದರೆ ಅಥವಾ ಜ್ವರ ಬಂದರೆ ಅಷ್ಟು ದಿನವೂ ಕಾಯಬಾರದು. ಮುಖಕ್ಕೂ ಕಣ್ಣಿನ ಸುತ್ತಲೂ ಈ ಟ್ಯೂಬನ್ನು ಮುಟ್ಟಿಸಬಾರದೆಂದೂ ಅವರು ಚೀಟಿಯಲ್ಲೇ ಬರೆದಿದ್ದರು.

ಕಳೆದ ಬೇಸಿಗೆಯಲ್ಲಿ ನಮ್ಮ ಚಿಕ್ಕಪ್ಪ ಮನೆಗೆ ಬಂದವರು, ತೊಡೆಯ ಸಂದಿಯ ತುರಿಕೆಗೆಂದು ಇದೇ ಟ್ಯೂಬನ್ನು ಕೇಳಿದರು. ಯಾವುದೋ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಟ್ಟ ಇಂಥದ್ದೇ ಕ್ರೀಮನ್ನು ಅವರು ಆಗಲೇ ಒಂದು ತಿಂಗಳು ಹಚ್ಚಿದ್ದರು. ಹಚ್ಚಿದಾಗ ತುರಿಕೆ ಅಡಗುತ್ತದೆ, ಬಿಟ್ಟರೆ ಮೊದಲಿಗಿಂತ ಅಗಲವಾಗುತ್ತದೆ ಎಂದರು. ಅಂಚಿನಲ್ಲಿ ಉಂಗುರದಂತೆ ಕೆಂಪು ಉಬ್ಬಿದೆಯೇ ಎಂದು ಕೇಳಿದಾಗ ಹೌದೆಂದರು. ಅದು ಹುಳುಕಡ್ಡಿಯಿದ್ದಂತೆ ತೋರುತ್ತದೆ, ಶಿಲೀಂಧ್ರಕ್ಕೆ ಸ್ಟೀರಾಯ್ಡ್ ಹಚ್ಚಿದರೆ ತುರಿಕೆ ಮಾತ್ರ ಅಡಗಿ ಸೋಂಕು ಒಳಗೊಳಗೇ ಹರಡುತ್ತದೆ ಎಂದು ಹೇಳಿ, ಟ್ಯೂಬನ್ನು ಕೊಡಲಿಲ್ಲ. ಅವರಿಗೆ ಸ್ವಲ್ಪ ಬೇಸರವಾಯಿತು. ಮರುದಿನ ನಾನೇ ಅವರನ್ನು ಚರ್ಮದ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅವರು ಮೊದಲು ಮಾಡಿದ ಕೆಲಸ ಆ ಕ್ರೀಮನ್ನು ಬಿಡಿಸಿ, ಶಿಲೀಂಧ್ರಕ್ಕೆ ಬೇರೆ ಔಷಧಿ ಬರೆದುಕೊಟ್ಟದ್ದು.